ಬೆಣ್ಣೆಹಣ್ಣಿನ ಒಂದು ಹೋಳು

ಆ ದಿನ ನಾನು ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟು: ಹೆಂಗಸು, ನಲವತ್ತಾರು ವರ್ಷ. ಬೆಣ್ಣೆಹಣ್ಣಿನ ಜ್ಯೂಸ್ ಕುಡಿದ ಇಪ್ಪತ್ತು ನಿಮಿಷಕ್ಕೆ ಮೈಯಲ್ಲಿ ದದ್ದು, ತುಟಿ ಊತ. ಉಸಿರಾಟ ಸರಿಯಿದೆ. ಸೆಟ್ರಿಜಿನ್ ಮಾತ್ರೆ ಕೊಟ್ಟಿದೆ. ನಾಲ್ಕು ಗಂಟೆ ಕೂರಿಸಿ ನೋಡಿ ಕಳುಹಿಸಿದೆ.

ಬರೆದದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ತಪ್ಪಿದ್ದು ಬಾಯಲ್ಲಿ ಹೇಳಿದ ಮಾತಿನಲ್ಲಿ.

ಕಡಬದಿಂದ ಒಳಗೆ ಹೋಗುವ ಒಂದು ಡಾಂಬರು ರಸ್ತೆಯ ಕೊನೆಯಲ್ಲಿ ನಮ್ಮ ಉಪಕೇಂದ್ರ. ಎರಡು ಕೋಣೆ, ಒಂದು ಜಗಲಿ, ಹಿಂದೆ ನಾನಿರುವ ಕೋಣೆ ಮತ್ತು ಅಡುಗೆಗೆ ಮಾಡು ಇಳಿಸಿ ಕಟ್ಟಿದ ಒಂದು ಮೂಲೆ. ನರ್ಸಿಂಗ್ ಪದವಿ ಮುಗಿಸಿ, ಮೇಲೆ ಆರು ತಿಂಗಳ ತರಬೇತಿ ಮಾಡಿ ಸಮುದಾಯ ಆರೋಗ್ಯಾಧಿಕಾರಿ ಎಂಬ ಉದ್ದದ ಹೆಸರಿನ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ಊರಿನವರಿಗೆ ಅಷ್ಟುದ್ದ ಬೇಡ, ಸಿಸ್ಟರ್ ಎಂದರೆ ಸಾಕು. ವೈದ್ಯರಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಬಿ.ಪಿ., ಸಕ್ಕರೆ, ಬಸುರಿಯರ ತೂಕ, ಗುರುವಾರ ಮಕ್ಕಳ ಲಸಿಕೆ. ಸಂಜೆ ಐದಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಹೋದ ಮೇಲೆ ಮರುದಿನ ಬೆಳಿಗ್ಗೆಯವರೆಗೆ ನಾನು ಯಾರೊಂದಿಗೂ ಮಾತಾಡದ ದಿನಗಳೇ ಹೆಚ್ಚು. ಅದು ಯಾರ ತಪ್ಪೂ ಅಲ್ಲ. ಕರೆದರೆ ಹೋಗಬಹುದಾದ ಮನೆಗಳಿದ್ದವು, ಕರೆದೂ ಇದ್ದರು. ಬೇರೆಯವರ ಮನೆಯ ಚಾವಡಿಯಲ್ಲಿ ಕೂತು ಏನು ಮಾತಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಎರಡು ಸಲ 'ಇನ್ನೊಮ್ಮೆ ಬರ್ತೇನೆ' ಎಂದವಳನ್ನು ಮೂರನೆಯ ಸಲ ಯಾರೂ ಕರೆಯುವುದಿಲ್ಲ.

ಚೇಚಿ, ಮಲಯಾಳದಲ್ಲಿ ಅಕ್ಕ, ಎಂದು ಎಲ್ಲರೂ ಕರೆಯುತ್ತಿದ್ದ ಆ ಹೆಂಗಸಿನ ಪರಿಚಯವೂ ಅಷ್ಟೇ ಇತ್ತು, ಬಿ.ಪಿ. ನೋಡಿಸಿಕೊಳ್ಳಲು ಬರುವಷ್ಟು. ಅವರ ಗಂಡನ ಅಪ್ಪ ಕೇರಳದಿಂದ ಬಂದು ಇಲ್ಲಿ ಗುಡ್ಡ ಕಡಿದು ರಬ್ಬರ್ ಹಾಕಿದವರು. ಈಗ ಗಂಡ ಹೆಂಡತಿ ಇಬ್ಬರೇ ಬೆಳಗಾಗುವ ಮೊದಲೇ ಎದ್ದು ಮರಕ್ಕೆ ಗೀರಿ ಟ್ಯಾಪಿಂಗ್ ಮಾಡುತ್ತಾರೆ, ಇಳಿದ ರಬ್ಬರ್ ಹಾಲು ತಂದು ಟ್ರೇಗೆ ಹೊಯ್ದು ಆ್ಯಸಿಡ್ ಸೇರಿಸಿ ಶೀಟ್ ಹೊಡೆಯುತ್ತಾರೆ. ನಾಲ್ಕು ವರ್ಷದ ಹಿಂದೆ ಮುದಿ ರಬ್ಬರು ಕಡಿದ ಜಾಗದಲ್ಲಿ ಬೆಣ್ಣೆಹಣ್ಣಿನ ಸಸಿ ನೆಟ್ಟಿದ್ದರು. ಆ ಸಲ ಮೊದಲ ಫಸಲು, ಒಟ್ಟು ಹದಿನೈದಿಪ್ಪತ್ತು ಕಾಯಿ.

ಚೇಚಿ ಜಗಲಿ ಹತ್ತಿದಾಗ ಬಾಯಿಗೆ ಸೆರಗು ಹಿಡಿದಿದ್ದರು. ಸೆರಗು ತೆಗೆದಾಗ ಆಶಾ ಕಾರ್ಯಕರ್ತೆ ಒಮ್ಮೆ ನೋಡಿ, "ಎಂತ ಚೇಚಿ, ಜೇನುನೊಣ ಮುತ್ತು ಕೊಟ್ಟಿತಾ?" ಎಂದಳು.

"ನಗಿಸ್ಬೇಡ ಮಾರಾಯ್ತಿ. ನಗಾಡ್ಲಿಕ್ಕೆ ತುಟಿ ಬರುದಿಲ್ಲ."

ಕೆಳತುಟಿ ಹೊರಚಾಚಿ ಹೊಳೆಯುತ್ತಿತ್ತು. ಮೊಣಕೈಯ ಒಳಬದಿ, ಹೊಟ್ಟೆ, ಕುತ್ತಿಗೆಯ ಮೇಲೆ ಕೆಂಪು ಅಂಚಿನ ಉಬ್ಬು ದದ್ದುಗಳು, ಒಂದಕ್ಕೊಂದು ಸೇರಿ ನಕಾಶೆಯ ಹಾಗೆ ಹರಡಿದ್ದವು. ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಬಂದಿದ್ದರು.

"ಪಿತ್ತ ಮೇಡಂ," ಎಂದಳು ಆಶಾ ಕಾರ್ಯಕರ್ತೆ. "ಪುನರ್ಪುಳಿ ಸಿಪ್ಪೆಯ ನೀರು ಕುಡಿದ್ರೆ ಇಳೀತದೆ." ಮೈಮೇಲೆ ದದ್ದೆದ್ದರೆ ಇಲ್ಲಿಯವರಿಗೆ ಅದು ಪಿತ್ತವೇ.

"ಕುಡ್ದಾಯ್ತು. ಎರಡು ಲೋಟ."

ನಾನು ಕೈಗವಸು ಹಾಕಿ ಬಾಯಿ ತೆರೆಸಿ ನಾಲಿಗೆ, ಗಂಟಲು ನೋಡಿದೆ. ನಾಲಿಗೆ ಊದಿರಲಿಲ್ಲ. ಸ್ವರ ಎಂದಿನ ಹಾಗೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಸುಯ್ ಎನ್ನುವ ಸದ್ದಿಲ್ಲ. ಉಸಿರು ನಿಮಿಷಕ್ಕೆ ಹದಿನೆಂಟು, ಬಿ.ಪಿ. ಯಾವಾಗಲೂ ಇರುವಷ್ಟು. ವಾಂತಿ ಇಲ್ಲ, ಹೊಟ್ಟೆನೋವಿಲ್ಲ, ತಲೆ ತಿರುಗುತ್ತಿಲ್ಲ. ಚರ್ಮ ಮತ್ತು ತುಟಿ ಬಿಟ್ಟರೆ ಬೇರೆಲ್ಲೂ ಏನೂ ಇರಲಿಲ್ಲ. ಇದು ಅಲರ್ಜಿ, ಆದರೆ ಸೌಮ್ಯ. ಮಾತ್ರೆ ಕೊಟ್ಟು ಬೆಂಚಿನಲ್ಲಿ ಕೂರಿಸಿದೆ. ಸೌಮ್ಯವಾಗಿ ಶುರುವಾದದ್ದು ಹಾಗೇ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ, ಅದಕ್ಕೇ ಕೂರಿಸುವುದು. ಮೊದಲು ಕಾಲು ಗಂಟೆಗೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ನೋಡಿದೆ. ತುಟಿ ಮೊದಲು ಸ್ವಲ್ಪ ಹೆಚ್ಚೇ ಊದಿ, ಮಧ್ಯಾಹ್ನದ ಹೊತ್ತಿಗೆ ಇಳಿಯತೊಡಗಿತು. ಚೇಚಿ ಬೆಂಚಿನಲ್ಲಿ ತೂಕಡಿಸಿದರು. ಮಣಿಕಟ್ಟಿನ ಬಳಿ ಒರಟಾಗಿ ಕಪ್ಪಾದ ಚರ್ಮ ಕಂಡು ಕೇಳಿದೆ.

"ಅದು ಆ್ಯಸಿಡಿನದ್ದು ಸಿಸ್ಟರ್. ಹಾಲಿಗೆ ಹಾಕುದಲ್ವಾ. ಅದು ವರ್ಷಗಟ್ಟಲೆ ಉಂಟು, ತುರಿಸ್ತದೆ, ಹೋಗ್ತದೆ."

ನಾನೂ ಹಾಗೆಯೇ ಎಂದುಕೊಂಡೆ.

ಹೊರಡುವಾಗ ಹೇಳಿದೆ: "ಆ ಜ್ಯೂಸ್ ಇನ್ನು ಕುಡಿಯಬೇಡಿ ಚೇಚಿ." ಅವರು ಮೆಟ್ಟಿಲಿಳಿದ ಮೇಲೆ ನೆನಪಾಗಿ, "ಉಸಿರಾಟಕ್ಕೆ ಏನಾದರೂ ಆದರೆ ಬನ್ನಿ," ಎಂದೂ ಕೂಗಿದೆ. ಅವರು ಕೈ ಎತ್ತಿದರು. ಉಳಿದ ಮೂರು ಮಾತ್ರೆ ಕಾಗದದಲ್ಲಿ ಕಟ್ಟಿ ಕೊಟ್ಟಿದ್ದೆ.

ಹಣ್ಣು ಎನ್ನಲಿಲ್ಲ ನಾನು, ಜ್ಯೂಸ್ ಎಂದೆ. ಇದರ ಅರ್ಥ ನನಗೆ ಮೂರು ವಾರದ ನಂತರ ತಿಳಿಯಿತು.

ಅಂದು ಮಂಗಳವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚೇಚಿಯ ಗಂಡ ಸ್ಕೂಟರಿನಲ್ಲಿ ಬಂದರು. ಇಳಿಯಲಿಲ್ಲ, ಕಾಲೂರಿಯೇ ಕೇಳಿದರು.

"ಸಿಸ್ಟರ್, ಆ ಮಾತ್ರೆ ಇನ್ನೊಂದೆರಡು ಕೊಡಿ. ಅವಳಿಗೆ ಪುನಃ ಪಿತ್ತ."

"ಮಾತ್ರೆ ಮೂರಿತ್ತಲ್ಲ?"

"ಒಂದು ಕೊಟ್ಟೆ. ಉಳಿದದ್ದು ಎಲ್ಲಿಟ್ಟಿದ್ದಾಳೋ, ಕೇಳಿದ್ರೆ ಮಾತಾಡುದಿಲ್ಲ. ಈಗ ದದ್ದೆಲ್ಲ ಮಾಯ. ಎದೆ ಹಿಡಿದ ಹಾಗೆ ಆಗ್ತದೆ ಅಂದ್ಲು. ಗ್ಯಾಸ್ ಇರ್ಬೇಕು."

"ಮಾತಾಡುದಿಲ್ಲ ಅಂದ್ರೆ?"

"ಸ್ವರ ಕೂತಿದೆ."

"ಏನು ತಿಂದ್ರು?"

"ಅದೇ ಹಣ್ಣು. ಆದ್ರೆ ಹಾಲು ಹಾಕ್ಲಿಲ್ಲ ಸಿಸ್ಟರ್. ಬರೇ ಹಣ್ಣು, ಒಂದೇ ಹೋಳು."

ಹಾಲಿನ ಜೊತೆ ಹಣ್ಣು ಕೂಡದು, ವಿರುದ್ಧ, ಎಂದು ನಮ್ಮ ಕಡೆ ಯಾರು ಬೇಕಾದರೂ ಹೇಳುತ್ತಾರೆ. ನನ್ನ ಅಮ್ಮನೂ ಹೇಳುತ್ತಾಳೆ. ಬೆಣ್ಣೆಹಣ್ಣಿನ ಜ್ಯೂಸ್ ಮಾಡುವುದು ಹಾಲು ಹಾಕಿಯೇ, ಹಾಗಾಗಿ ಜ್ಯೂಸ್ ಬೇಡ ಎಂದು ನಾನು ಹೇಳಿದ್ದನ್ನು ಅವರು ಹಾಗೆ ತಿಳಿದಿದ್ದರು. ಅವರ ಲೆಕ್ಕದಲ್ಲಿ ಅದಕ್ಕಿಂತ ಸ್ಪಷ್ಟವಾದ ಸಲಹೆ ಬೇರೆ ಇರಲಿಲ್ಲ: ಹಾಲು ಬಿಟ್ಟು ತಿನ್ನಬಹುದು.

ನಾನು ಒಳಗೆ ಹೋಗಿ ಲಸಿಕೆಯ ಕಪಾಟಿನಿಂದ ಕಿಟ್ ತೆಗೆದೆ. ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ. ಒಳಗೆ ಅಡ್ರಿನಲಿನ್ ತುಂಬಿದ ಗಾಜಿನ ಆಂಪೂಲು ಮೂರು, ಸಿರಿಂಜು, ಸೂಜಿ, ಹತ್ತಿ, ವಯಸ್ಸಿಗೆ ಎಷ್ಟೆಂದು ಬರೆದ ಚೀಟಿ. ಲಸಿಕೆ ಚುಚ್ಚಿದ ಮಗುವಿಗೆ ತಟ್ಟನೆ ಏನಾದರೂ ಆದರೆ ಕೊಡಲು ಇರುವುದು ಅದು. ಪ್ರತಿ ಗುರುವಾರ ಡಬ್ಬಿ ತೆರೆದು ಆಂಪೂಲಿನ ಅವಧಿ ನೋಡಿ ಮುಚ್ಚುತ್ತಿದ್ದೆ. ಯಾರಿಗೂ ಕೊಟ್ಟವಳಲ್ಲ. ತರಬೇತಿಯಲ್ಲಿ ಹೇಳಿದ್ದು ಒಂದು ಡೋಸ್ ಕೊಟ್ಟು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕೆಂದು, ಅದೂ ಲಸಿಕೆಯ ಸಂದರ್ಭದಲ್ಲಿ. ಬೆಣ್ಣೆಹಣ್ಣಿನ ಸಂದರ್ಭವನ್ನು ಯಾರೂ ಹೇಳಿರಲಿಲ್ಲ.

ನಮ್ಮ ಅಂಗಳದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ, ಅವರ ಮನೆ ಇರುವ ಇಳಿಜಾರಿನಲ್ಲಿ ಸಿಗುವುದಿಲ್ಲ. ಹೊರಡುವ ಮೊದಲೇ ೧೦೮ಕ್ಕೆ ಹೇಳಿದೆ. ಕಡಬದಿಂದ ಬರಬೇಕು, ಅರ್ಧ ಗಂಟೆ ಎಂದರು. ನಮ್ಮ ವೈದ್ಯರಿಗೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ಮೂರನೆಯದಕ್ಕೆ ಕಾಯಲಿಲ್ಲ. ಆಂಬುಲೆನ್ಸಿಗೆ ದಾರಿ ತೋರಿಸಲು ಆಶಾ ಕಾರ್ಯಕರ್ತೆಯನ್ನು ರಸ್ತೆಯಲ್ಲಿ ನಿಲ್ಲಿಸಿ, ಕಿಟ್ಟನ್ನೂ ಬಿ.ಪಿ. ಯಂತ್ರವನ್ನೂ ಹಿಡಿದು ಸ್ಕೂಟರಿನ ಹಿಂದೆ ಕೂತೆ.

ದಾರಿಯಲ್ಲಿ ಅವರು, "ದದ್ದು ಇಳಿದಿದೆ ಸಿಸ್ಟರ್, ನೀವು ಅಷ್ಟು ಹೆದರುದು ಬೇಡ," ಎಂದರು. ಸಮಾಧಾನ ಹೇಳುತ್ತಿದ್ದರು, ನನಗೆ. ಮಾತ್ರೆ ತುರಿಕೆಯನ್ನೂ ದದ್ದನ್ನೂ ಇಳಿಸುತ್ತದೆ, ಉಸಿರಿನ ದಾರಿಯನ್ನು ತೆರೆಯುವುದಿಲ್ಲ, ಬಿದ್ದ ಬಿ.ಪಿ.ಯನ್ನು ಎತ್ತುವುದಿಲ್ಲ. ಅದನ್ನು ಸ್ಕೂಟರಿನ ಗಾಳಿಯಲ್ಲಿ ಕೂಗಿ ಹೇಳುವುದು ಹೇಗೆ?

ರಸ್ತೆಯಿಂದ ಕೆಳಗೆ ಮನೆಗೆ ಮಣ್ಣಿನ ಮೆಟ್ಟಿಲು, ಎಪ್ಪತ್ತಾದರೂ ಇರಬಹುದು. ಚೇಚಿ ಹಿಂದಿನ ಜಗಲಿಯಲ್ಲಿ, ಶೀಟ್ ಒಣಗಿಸುವ ಬಿದಿರಿನ ಕೆಳಗೆ, ಎರಡೂ ಕೈ ಮಂಡಿಗೆ ಊರಿ ಮುಂದೆ ಬಾಗಿ ಕೂತಿದ್ದರು. ಮೈಯಲ್ಲಿ ಹುಡುಕಿದರೂ ಒಂದು ದದ್ದಿಲ್ಲ. ಮುಖ ಬೂದಿ ಬಣ್ಣ. ಒಂದೊಂದು ಉಸಿರಿಗೂ ಸೀಟಿಯಂಥ ಸದ್ದು, ಹತ್ತಿರ ಹೋಗದೆಯೇ ಕೇಳುತ್ತಿತ್ತು. ಒಮ್ಮೆ ವಾಂತಿ ಮಾಡಿದ್ದರು. ನಾಡಿ ನಿಮಿಷಕ್ಕೆ ನೂರ ಮೂವತ್ತು, ಬೆರಳಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಮೇಲಿನ ಬಿ.ಪಿ. ಎಂಬತ್ತು.

"ಸಿಸ್ಟರ್," ಎಂದರು. ಸ್ವರ ಅವರದ್ದಲ್ಲ.

ಗಂಡ ಅಷ್ಟರಲ್ಲಿ ಅವರ ಕಂಕುಳಿಗೆ ಕೈ ಹಾಕಿ, "ಬಾ, ಮೆಲ್ಲ ರಸ್ತೆಗೆ ಹೋಗುವ. ಆಂಬುಲೆನ್ಸ್ ಬರುವಾಗ ಅಲ್ಲಿದ್ರೆ ಬೇಗ ಆಗ್ತದೆ," ಎಂದು ಎಬ್ಬಿಸಿದರು. ಚೇಚಿ ಎದ್ದರು. ಒಂದು ಹೆಜ್ಜೆ ಇಟ್ಟರು, ಅಷ್ಟೇ. ಕಣ್ಣು ಮೇಲೆ ಹೋಗಿ ಮಂಡಿ ಮಡಚಿತು.

ಇಬ್ಬರೂ ಸೇರಿ ನೆಲಕ್ಕೆ ಇಳಿಸಿದೆವು. ನಾನು ಸ್ವರ ಏರಿಸಿ ಮಾತಾಡುವವಳಲ್ಲ, ಆ ದಿನವೂ ಏರಿಸಲಿಲ್ಲ. ಆದರೆ ಅವರ ಕೈಯನ್ನು ಹಿಡಿದು ತೆಗೆದೆ. "ಏಳಿಸ್ಬೇಡಿ. ನಡೆಸ್ಬೇಡಿ. ಸ್ಟ್ರೆಚರ್ ಇಲ್ಲಿಗೇ ಬರಲಿ."

ಆಂಪೂಲಿನ ಕುತ್ತಿಗೆ ಮುರಿಯುವಾಗ ಬೆರಳು ಸ್ವಲ್ಪ ಕುಯ್ದಿತ್ತು, ಆಮೇಲೆ ನೋಡಿದ್ದು. ಅರ್ಧ ಎಂ.ಎಲ್. ಸೀರೆ ಸರಿಸಿ ತೊಡೆಯ ಹೊರಬದಿ, ನಡುವಿನಲ್ಲಿ, ಸೂಜಿ ನೆಟ್ಟಗೆ ಸ್ನಾಯುವಿನೊಳಗೆ. ಸಮಯ ಅಂಗೈಯಲ್ಲಿ ಬರೆದೆ: ೧೧-೨೪. ಅಕ್ಕಿಯ ಗೋಣಿಯೊಂದನ್ನು ಕಾಲಡಿಗೆ ಎಳೆದು ಕಾಲು ಎತ್ತರಿಸಿದೆ. ಪೂರ್ತಿ ಮಲಗಿಸಿದರೆ ಉಸಿರು ಕಟ್ಟುತ್ತಿತ್ತು, ಆದ್ದರಿಂದ ತಲೆ ಮತ್ತು ಬೆನ್ನಿಗೆ ನನ್ನ ಮಂಡಿ ಕೊಟ್ಟು ಸ್ವಲ್ಪ ಮಾತ್ರ ಒರಗಿಸಿದೆ.

ಆಮೇಲೆ ಮಾಡಲು ಏನೂ ಇರಲಿಲ್ಲ. ಐದು ನಿಮಿಷ ನೋಡಬೇಕು. ಅಷ್ಟೊಂದು ಉದ್ದದ ಐದು ನಿಮಿಷ ನನ್ನ ಬಾಳಿನಲ್ಲಿ ಬೇರೆ ಇಲ್ಲ. ಒಬ್ಬರ ಬೆನ್ನಿನ ಬಿಸಿ ನನ್ನ ತೊಡೆಗೆ ತಾಗುತ್ತಿತ್ತು, ಆದರೂ ಆ ಜಗಲಿಯಲ್ಲಿ ನಾನೊಬ್ಬಳೇ ಇದ್ದಂತಿತ್ತು. ಈ ಹೆಂಗಸು ಉಳಿಯದಿದ್ದರೆ ಅದು ನಾನು ಮೂರು ವಾರದ ಹಿಂದೆ ಆಡದೆ ಬಿಟ್ಟ ಒಂದು ಪದದಿಂದ ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗಂಡ ಮಲಯಾಳದಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದರು. ಮಧ್ಯೆ ನಿಲ್ಲಿಸಿ ಕೇಳಿದರು: "ಪುನರ್ಪುಳಿ ಕುಡಿಸಲಾ ಸ್ವಲ್ಪ?"

"ಈಗ ಬಾಯಿಗೆ ಏನೂ ಬೇಡ. ಗಂಟಲು ಊದಿದೆ."

ಐದನೆಯ ನಿಮಿಷಕ್ಕೆ ನಾಡಿ ಬೆರಳಿಗೆ ಸಿಕ್ಕಿತು. ಬಿ.ಪಿ. ತೊಂಬತ್ತಾರು. ಸೀಟಿಯ ಸದ್ದು ನಿಂತಿರಲಿಲ್ಲ, ಆದರೆ ಕಡಿಮೆಯಾಗಿತ್ತು. ಎರಡನೆಯ ಆಂಪೂಲು ಕೈಯಲ್ಲೇ ಹಿಡಿದು ಕೂತಿದ್ದೆ. ಹತ್ತನೆಯ ನಿಮಿಷಕ್ಕೆ ಚೇಚಿ ಕಣ್ಣು ತೆರೆದು, "ಎದೆ ಡಬಡಬ ಹೊಡೀತದೆ," ಎಂದರು. ಕೈ ನಡುಗುತ್ತಿತ್ತು. "ಅದು ಮದ್ದಿನದ್ದು," ಎಂದೆ. "ಹೊಡೀಲಿ."

ಆಂಬುಲೆನ್ಸಿನವರು ಬರುವಾಗ ಹನ್ನೆರಡಾಗಲು ಐದು ನಿಮಿಷ. ಸ್ಟ್ರೆಚರ್ ಹೊತ್ತುಕೊಂಡು ಇಳಿದರು, ಆಮ್ಲಜನಕ ಹಾಕಿದರು. ಮಲಗಿಸಿಯೇ ಮೇಲೆ ಒಯ್ದರು. ನಾನು ಕೊಟ್ಟ ಮದ್ದು, ಪ್ರಮಾಣ, ಸಮಯ ಮೂರನ್ನೂ ಚೀಟಿಯಲ್ಲಿ ಬರೆದು ಕೊಟ್ಟೆ. ಗಂಡ ಹತ್ತಿ ಕೂತರು. ಪುತ್ತೂರಿನ ಆಸ್ಪತ್ರೆ ಎಂದು ಹೇಳಿ ಹೊರಟರು. ನನ್ನನ್ನು ಯಾರೂ ಕರೆಯಲಿಲ್ಲ. ಆ ಗಡಿಬಿಡಿಯಲ್ಲಿ ಕರೆಯುವ ಪ್ರಶ್ನೆಯೇ ಇರಲಿಲ್ಲ, ಗಾಡಿಯಲ್ಲಿ ಜಾಗವೂ ಇರಲಿಲ್ಲ.

ಬಾಗಿಲು ತೆರೆದೇ ಇತ್ತು, ಹಾಗಾಗಿ ಮತ್ತೆ ಕೆಳಗಿಳಿದೆ. ಎರಡು ವರ್ಷದಲ್ಲಿ ಆ ಊರಿನ ಒಂದು ಮನೆಯ ಅಡುಗೆಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು, ಮನೆಯಲ್ಲಿ ಯಾರೂ ಇಲ್ಲದಾಗ. ಒಲೆ ಆರಿಸಿದೆ. ಮೇಜಿನ ಮೇಲೆ ಪಿಂಗಾಣಿ ಬಟ್ಟಲಲ್ಲಿ ಕೊಯ್ದ ಬೆಣ್ಣೆಹಣ್ಣು, ತೆಳ್ಳಗೆ ಒಂದೇ ಹೋಳು ತೆಗೆದಿದ್ದರು. ಮೊದಲು ಹುಷಾರಾಗಿ ರುಚಿ ನೋಡಿದ ಹಾಗೆ ಅಷ್ಟು ತೆಳ್ಳಗೆ. ಉಳಿದದ್ದರ ಮೇಲೆ ಇರುವೆ ಮುತ್ತಿರಲಿಲ್ಲ, ಬಣ್ಣ ಮಾತ್ರ ಕಂದಿತ್ತು. ಜಗಲಿಯ ವಾಂತಿ ತೊಳೆದೆ. ಬಾಗಿಲೆಳೆದು ಕೊಂಡಿ ಹಾಕಿ ನಡೆದುಕೊಂಡು ವಾಪಸು ಬಂದೆ.

ಸಂಜೆ ನಾಲ್ಕರ ಮೇಲೆ ಅಂಗಳದಲ್ಲಿ ಫೋನ್ ಹಿಡಿದು ನಿಂತಿದ್ದೆ. ಅವರು ನನಗೆ ಯಾಕಾದರೂ ಫೋನ್ ಮಾಡಬೇಕು ಎಂದೂ ಅನ್ನಿಸಿತು. ಐದೂವರೆಗೆ ಬಂತು.

"ಸಿಸ್ಟರ್, ಮೂರು ಗಂಟೆಗೆ ಪುನಃ ಶುರುವಾಯ್ತು. ಏನೂ ತಿಂದಿರ್ಲಿಲ್ಲ. ಇನ್ನೊಂದು ಇಂಜೆಕ್ಷನ್ ಕೊಟ್ರು. ಹೀಗೂ ಆಗ್ತದಂತೆ. ಈಗ ಅಡ್ಡಿ ಇಲ್ಲ, ನಾಳೆವರೆಗೆ ಇಟ್ಕೊಳ್ತಾರೆ. ಡಾಕ್ಟ್ರು ಕೇಳಿದ್ರು, ಅಲ್ಲಿ ಮೊದಲು ಕೊಟ್ಟದ್ದು ಯಾರು ಅಂತ."

ಅವರೇ ಮುಂದುವರಿಸಿದರು. "ಇನ್ನೊಂದು ಕೇಳಿದ್ರು. ರಬ್ಬರ್ ಹಾಲು ತಾಗಿದ್ರೆ ಕೈ ತುರಿಸ್ತದಾ ಅಂತ. ಹೌದು ಅಂದೆ, ಆ್ಯಸಿಡ್ ಅಂದೆ. ಆ್ಯಸಿಡ್ ಅಲ್ಲದೆ ಹಾಲೇ ಇರ್ಬಹುದು ಅಂದ್ರು. ರಬ್ಬರ್ ಹಾಲು ಆಗದ ಕೆಲವರಿಗೆ ಈ ಹಣ್ಣೂ ಆಗುದಿಲ್ವಂತೆ. ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸ್ಬೇಕು."

ಫೋನಿಟ್ಟ ಮೇಲೆ ಚಿಕಿತ್ಸೆಯ ಕೋಣೆಗೆ ಹೋಗಿ ಕೈಗವಸಿನ ಪೆಟ್ಟಿಗೆ ತಿರುಗಿಸಿ ನೋಡಿದೆ. ರಬ್ಬರಿನದ್ದೇ. ಮೊದಲ ದಿನ ಅದೇ ಬೆರಳಿನಿಂದ ಅವರ ತುಟಿ ಎತ್ತಿ ನೋಡಿದ್ದೆ, ಆಮೇಲೆ ತುಟಿ ಸ್ವಲ್ಪ ಹೆಚ್ಚು ಊದಿತ್ತು. ಅದು ಹಣ್ಣಿನದ್ದೋ ನನ್ನ ಕೈಯದ್ದೋ ಈಗಲೂ ನನಗೆ ಗೊತ್ತಿಲ್ಲ. ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಮರುದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಒಂದು ಆಂಪೂಲು ಕೇಳಿದೆ. ಔಷಧಿ ವಿತರಕರು ಕನ್ನಡಕ ಏರಿಸಿ, "ಯಾವ ಲಸಿಕೆಗೆ ಆದದ್ದು?" ಎಂದರು.

"ಲಸಿಕೆಗಲ್ಲ. ಬೆಣ್ಣೆಹಣ್ಣಿಗೆ."

"ಬೆಣ್ಣೆಹಣ್ಣಿಗೆ ನಮೂನೆ ಇಲ್ವಲ್ಲ ಮಾರಾಯ್ರೆ." ಆದರೂ ಕೊಟ್ಟರು. ವೈದ್ಯರು ಒಳಗಿನಿಂದ ಬಂದು, ಫೋನ್ ಎತ್ತದಿದ್ದುದಕ್ಕೆ ಕ್ಷಮೆ ಕೇಳಿ, ನೀವು ಮಾಡಿದ್ದು ಸರಿ ಎಂದರು. ಸಂತೋಷವಾಗಬೇಕಿತ್ತು. ಮೊದಲ ದಿನ ನಾನು ಚೇಚಿಗೆ ಹೇಳಿದ್ದರಲ್ಲಿ ತಪ್ಪಿದ್ದನ್ನು ಅವರಿಗೆ ತಿಳಿಸಿದೆ. ಅವರು ತಲೆಯಾಡಿಸಿದರು, ಸಮಾಧಾನ ಹೇಳಲಿಲ್ಲ. ಅದು ಒಳ್ಳೆಯದಾಯಿತು.

ವಾರದ ನಂತರ ಚೇಚಿಯ ಮನೆಗೆ ಹೋದೆ. ಯಾರೂ ಕರೆದಿರಲಿಲ್ಲ, ಕೆಲಸವಿತ್ತು. ತಾನೇ ಚುಚ್ಚುವ ಅಡ್ರಿನಲಿನ್ ಪೆನ್ನು ನಮ್ಮಲ್ಲಿ ಸಿಗುವುದು ಕಷ್ಟವೆಂದು ಆಸ್ಪತ್ರೆಯವರು ಎರಡು ಆಂಪೂಲು, ಸಿರಿಂಜು ಬರೆದುಕೊಟ್ಟು ಗಂಡನಿಗೆ ಒಮ್ಮೆ ತೋರಿಸಿದ್ದರು. ಒಮ್ಮೆ ಸಾಲದು. ಬಾಳೆದಿಂಡಿನ ತುಂಡೊಂದು ತರಿಸಿ, ಖಾಲಿ ಆಂಪೂಲಿಗೆ ನೀರು ತುಂಬಿಸಿ ಎಳೆಸಿದೆ, ಚುಚ್ಚಿಸಿದೆ. ನಲವತ್ತು ವರ್ಷ ರಬ್ಬರ್ ಮರಕ್ಕೆ ಕತ್ತಿಯಿಟ್ಟ ಕೈ ಸೂಜಿಯನ್ನು ದಿಂಡಿನ ಹತ್ತಿರ ತಂದು ಎರಡೆರಡು ಸಲ ಹಿಂದೆಗೆದುಕೊಂಡಿತು.

"ಮರಕ್ಕೆ ಇಷ್ಟು ಹೆದರ್ತಿದ್ರೆ ನಾವು ಉಪವಾಸ ಬೀಳ್ತಿದ್ವಿ," ಎಂದರು ಚೇಚಿ.

"ಮರ ನನ್ನ ಹೆಂಡ್ತಿ ಅಲ್ವಲ್ಲ."

ಈ ಸಲ ನಾನು ಒಂದೊಂದೇ ಪದ ಹೇಳಿದೆ. ಹಣ್ಣು. ಹಾಲಿನ ಜೊತೆಗೂ ಇಲ್ಲ, ಹಾಲಿಲ್ಲದೆಯೂ ಇಲ್ಲ, ರುಚಿಗೆ ಒಂದು ಚೂರೂ ಇಲ್ಲ. ಬರೇ ದದ್ದು ತುಟಿ ಊತವಾದರೆ ಮಾತ್ರೆ ತಿಂದು ನನ್ನಲ್ಲಿಗೆ ಬನ್ನಿ. ಸ್ವರ ಕೂತರೆ, ಉಸಿರು ಹಿಡಿದರೆ, ತಲೆ ತಿರುಗಿದರೆ, ದದ್ದು ಇರಲಿ ಇಲ್ಲದಿರಲಿ, ಮಾತ್ರೆಗೆ ಕಾಯದೆ ಚುಚ್ಚಿ, ಮಲಗಿಸಿ, ಫೋನ್ ಸಿಗುವಲ್ಲಿಗೆ ಓಡಿ. ಗಂಡನಿಂದ ತಿರುಗಿ ಹೇಳಿಸಿದೆ. ಎರಡನೆಯ ಸಲ ಸರಿಯಾಗಿ ಹೇಳಿದರು.

"ಆದ್ರೂ ನಿಮ್ಮ ಕೈ ಬೇಕು ಸಿಸ್ಟರ್," ಎಂದರು ಆಮೇಲೆ. "ನೀವು ಇಲ್ಲದ ದಿನ ಯಾವುದು?"

ಆ ಪ್ರಶ್ನೆ ನನ್ನನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಕೋಣೆಗೆ ಬೀಗ ಹಾಕಿ ಪುತ್ತೂರಿಗೆ, ಅಮ್ಮನ ಮನೆಗೆ ಹೋಗುತ್ತಿದ್ದೆ, ಸೋಮವಾರ ಬೆಳಿಗ್ಗೆ ಬರುತ್ತಿದ್ದೆ. ಹೋದದ್ದೂ ಬಂದದ್ದೂ ಯಾರಿಗೂ ಬೇಕಾದ ಸಂಗತಿಯಾಗಿರಲಿಲ್ಲ. ಹೇಳಿ ಹೋಗುತ್ತೇನೆ ಎಂದೆ.

ಆ ತಿಂಗಳ ಶನಿವಾರ ಬಸ್ಸು ಹತ್ತುವ ಮೊದಲು ಚೇಚಿಯ ಗಂಡನಿಗೆ ಫೋನ್ ಮಾಡಿದೆ. ಮನೆಯಲ್ಲಿ ಸಿಗ್ನಲ್ ಇಲ್ಲದ್ದರಿಂದ ಅವರು ಎಷ್ಟೋ ಹೊತ್ತಿಗೆ, ನಾನು ಉಪ್ಪಿನಂಗಡಿ ದಾಟಿದ ಮೇಲೆ, ರಸ್ತೆಗೆ ಬಂದು ತಿರುಗಿ ಮಾಡಿದರು. ಎಲ್ಲ ಸರಿ ಉಂಟು ಎಂದರು. ಸೋಮವಾರ ಎಷ್ಟು ಗಂಟೆಗೆ ಎಂದು ಕೇಳಿದರು.

"ಒಂಬತ್ತಕ್ಕೆ ಅಲ್ಲಿರ್ತೇನೆ," ಎಂದೆ.

"ಒಂಬತ್ತು," ಎಂದರು ಅವರು, ಪಕ್ಕದಲ್ಲಿದ್ದ ಯಾರಿಗೋ ಕೇಳುವಂತೆ, ಇನ್ನೊಮ್ಮೆ.